ಮೂರು ಕಂತು ತಪ್ಪಿದ ಮೇಲೆ: ತುಮಕೂರಿನ ಒಂದು ಮನೆ ಸಾಲದ ಪ್ರಕರಣ

ಮನೆ ಸಾಲದ ಕಂತು ಮೂರು ತಿಂಗಳು ಕಟ್ಟದಿದ್ದರೆ ಬ್ಯಾಂಕಿನವರು ಬಂದು ಬೀಗ ಹಾಕುತ್ತಾರೆ ಎಂಬ ಭಯ ಹಲವರಲ್ಲಿದೆ. ಕೋರ್ಟು ಕಚೇರಿ ಎಂದರೆ ವರ್ಷಗಟ್ಟಲೆ ಎಳೆಯುತ್ತದೆ, ಏನೂ ಆಗುವುದಿಲ್ಲ ಎಂಬ ಧೈರ್ಯ ಇನ್ನು ಕೆಲವರಲ್ಲಿದೆ. ಎರಡೂ ತಪ್ಪು. ನಿಜವಾಗಿ ನಡೆಯುವುದು ಹಂತ ಹಂತವಾಗಿ. ಪ್ರತಿ ಹಂತಕ್ಕೂ ಒಂದು ತಾರೀಖಿದೆ. ಆ ತಾರೀಖು ದಾಟಿದಂತೆಲ್ಲ ಮನೆ ಉಳಿಸಿಕೊಳ್ಳಲು ಬೇಕಾದ ಹಣ ದೊಡ್ಡದಾಗುತ್ತ ಹೋಗುತ್ತದೆ. ಇದನ್ನು ತೋರಿಸಲು ಒಂದೇ ಮನೆಯ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಬಿಡಿಸುತ್ತೇನೆ. ಇಂಥ ಪ್ರಕರಣಗಳು ಸಾಮಾನ್ಯವಾಗಿ ಹಿಡಿಯುವ ಹಾದಿಯನ್ನೇ ಒಂದು ಕುಟುಂಬದ ಕಥೆಯಾಗಿ ಜೋಡಿಸಿದ್ದೇನೆ. ಮೊತ್ತಗಳು ಉದಾಹರಣೆಗೆ, ಕಾನೂನಿನ ಅವಧಿಗಳು ಇದ್ದದ್ದು ಇದ್ದಂತೆ.

ತುಮಕೂರಿನ ದಂಪತಿ. ಗಂಡ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ. ಇಬ್ಬರ ಹೆಸರಲ್ಲೂ ಸೇರಿ 30 ಲಕ್ಷ ರೂಪಾಯಿ ಸಾಲ, ಶೇ. 9 ಬಡ್ಡಿ, 20 ವರ್ಷ. ತಿಂಗಳ ಕಂತು 26,992 ರೂಪಾಯಿ. ಐದು ವರ್ಷ ಒಂದೂ ತಪ್ಪದೆ ಕಟ್ಟಿದ್ದರು. ಅಷ್ಟಾದರೂ ಅಸಲು ಇಳಿದದ್ದು 26.6 ಲಕ್ಷಕ್ಕೆ ಮಾತ್ರ, ಏಕೆಂದರೆ ಮೊದಲ ವರ್ಷಗಳಲ್ಲಿ ಕಂತಿನ ಬಹುಭಾಗ ಬಡ್ಡಿಗೇ ಹೋಗುತ್ತದೆ. ಡಿಸೆಂಬರಿನಲ್ಲಿ ಗಂಡನ ಕೆಲಸ ಹೋಯಿತು. ಜನವರಿ 5ರ ಕಂತು ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆಯಿತು.

ತೊಂಬತ್ತು ದಿನಗಳ ಲೆಕ್ಕ

ಬ್ಯಾಂಕು ಎಣಿಸುವುದು ತಪ್ಪಿದ ಕಂತುಗಳನ್ನಲ್ಲ, ದಿನಗಳನ್ನು. ಅತ್ಯಂತ ಹಳೆಯ ಬಾಕಿ ಕಂತು ಎಷ್ಟು ದಿನದಿಂದ ಹಾಗೇ ಉಳಿದಿದೆ ಎಂಬುದೇ ಲೆಕ್ಕ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ದಿನದವರೆಗೆ ಒಂದು ಎಚ್ಚರಿಕೆಯ ಪಟ್ಟಿ, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು. ಬ್ಯಾಂಕಿನವರು ಇವನ್ನು ಎಸ್‌ಎಂಎ ಸೊನ್ನೆ, ಒಂದು, ಎರಡು ಎನ್ನುತ್ತಾರೆ. 90 ದಿನ ದಾಟಿದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ನಮ್ಮ ದಂಪತಿಯ ವಿಷಯದಲ್ಲಿ ಆ ದಿನ ಏಪ್ರಿಲ್ 5.

ಮನೆ ಉಳಿಸಿಕೊಳ್ಳಲು ಅತ್ಯಂತ ಅಗ್ಗದ ಅವಕಾಶ ಇದ್ದದ್ದು ಈ ತಾರೀಖಿನ ಮುಂಚೆ. ಏಪ್ರಿಲ್ 4ರೊಳಗೆ ಒಂದೇ ಒಂದು ಕಂತು ಕಟ್ಟಿದ್ದರೆ ಅದು ಜನವರಿಯ ಬಾಕಿಗೆ ಜಮೆಯಾಗುತ್ತಿತ್ತು. ಆಗ ಅತಿ ಹಳೆಯ ಬಾಕಿ ಫೆಬ್ರವರಿ 5ರದ್ದಾಗಿ, ಎಣಿಕೆ 58 ದಿನಕ್ಕೆ ಇಳಿಯುತ್ತಿತ್ತು. ಮುಂದಿನ ಗಡುವು ಮೇ 6ಕ್ಕೆ ಹೋಗುತ್ತಿತ್ತು. 26,992 ರೂಪಾಯಿಗೆ ಒಂದು ತಿಂಗಳು ಸಮಯ ಸಿಗುತ್ತಿತ್ತು.

90 ದಿನ ದಾಟಿದ ಮೇಲೆ ಈ ಅನುಕೂಲವಿಲ್ಲ. ಒಮ್ಮೆ ಎನ್‌ಪಿಎ ಆದ ಖಾತೆ ಮತ್ತೆ ಸರಿಯಾದ ಖಾತೆ ಎನಿಸಿಕೊಳ್ಳಬೇಕಾದರೆ ಅಸಲು, ಬಡ್ಡಿ ಸೇರಿ ಬಾಕಿಯೆಲ್ಲ ಪೂರ್ತಿ ಕಟ್ಟಬೇಕು ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಒಂದೆರಡು ಕಂತು ಕಟ್ಟಿದರೆ ಸಾಲದು. ಬಹಳ ಮನೆಗಳು ಎಡವುವುದು ಇಲ್ಲೇ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎನ್‌ಪಿಎ ಆಗುವುದು ಸಾಲಗಾರನ ಹೆಸರಿಗೆ, ಒಂದು ಸಾಲಕ್ಕಲ್ಲ. ಅದೇ ಬ್ಯಾಂಕಿನಲ್ಲಿ ಸಣ್ಣದೊಂದು ಪರ್ಸನಲ್ ಲೋನ್ 90 ದಿನ ನಿಂತರೆ, ಸರಿಯಾಗಿ ಕಟ್ಟುತ್ತಿರುವ ಮನೆ ಸಾಲವೂ ಅದರ ಜೊತೆಗೆ ಎನ್‌ಪಿಎ ಪಟ್ಟಿ ಸೇರುತ್ತದೆ.

ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಬ್ಯಾಂಕಿನಿಂದ ಫೋನುಗಳು ಬಂದವು. ಗಂಡ ಎತ್ತಲಿಲ್ಲ. "ಕೆಲಸ ಸಿಕ್ಕ ಮೇಲೆ ಒಟ್ಟಿಗೆ ಕಟ್ಟೋಣ ಬಿಡು, ಈಗ ಎತ್ತಿ ಏನು ಹೇಳಲಿ" ಎಂದು ಹೆಂಡತಿಗೆ ಹೇಳಿದರು. ಆ ಸಂಕೋಚ ಅರ್ಥವಾಗುವಂಥದ್ದೇ. ಆದರೆ ಶಾಖೆಗೆ ಹೋಗಿ, ಕೆಲಸ ಹೋದ ಪತ್ರ ತೋರಿಸಿ, ಸಾಲದ ಅವಧಿ ಹೆಚ್ಚಿಸಿಕೊಡಿ ಎಂದು ಲಿಖಿತವಾಗಿ ಕೇಳಲು ಸರಿಯಾದ ಸಮಯ ಅದೇ ಆಗಿತ್ತು. ಖಾತೆ ಇನ್ನೂ ಕೆಟ್ಟಿಲ್ಲದಿರುವಾಗ ಮ್ಯಾನೇಜರ್ ಕೈಯಲ್ಲಿ ಒಂದಿಷ್ಟು ಅವಕಾಶವಿರುತ್ತದೆ. ಎನ್‌ಪಿಎ ಆದ ಮೇಲೆ ಕಡತ ಸಾಮಾನ್ಯವಾಗಿ ವಸೂಲಾತಿ ವಿಭಾಗಕ್ಕೆ ಹೋಗಿಬಿಡುತ್ತದೆ. ಅಂದಹಾಗೆ, ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ನೆಂಟರಿಷ್ಟರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ. ಹಾಗೆ ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರಬಹುದು.

ಅವಧಿ ಹೆಚ್ಚಿಸಿಕೊಳ್ಳುವುದರ ಬಗ್ಗೆ ಒಂದು ಮಾತು. ಎಲ್ಲರೂ ಮೊದಲು ಸೂಚಿಸುವ ಪರಿಹಾರ ಇದು. ಇವರ ಉಳಿದ 15 ವರ್ಷವನ್ನು 20 ವರ್ಷ ಮಾಡಿದರೆ ಕಂತು 26,992ರಿಂದ ಸುಮಾರು 23,940ಕ್ಕೆ ಇಳಿಯುತ್ತದೆ. ತಿಂಗಳಿಗೆ ಉಳಿಯುವುದು ಮೂರು ಸಾವಿರ ಚಿಲ್ಲರೆ, ಕೊನೆಗೆ ಹೆಚ್ಚಾಗಿ ತೆರುವುದು ಒಂಬತ್ತು ಲಕ್ಷದ ಹತ್ತಿರ. ಸಂಬಳ ಸ್ವಲ್ಪ ಕಡಿಮೆಯಾದವರಿಗೆ ಇದು ನೆರವಾಗಬಹುದು. ಸಂಬಳವೇ ನಿಂತವರಿಗೆ ಕೆಲವು ತಿಂಗಳ ಬಿಡುವು ಬೇಕು, ಅವಧಿಯಲ್ಲ. ಕೇಳುವಾಗ ಯಾವುದು ಬೇಕೆಂದು ತಿಳಿದು ಕೇಳಬೇಕು.

ಮೇ 16ಕ್ಕೆ ಬಂದ ಲಕೋಟೆ

ಏಪ್ರಿಲ್ ಕೊನೆಗೆ ವಕೀಲರ ಸಹಿಯ ಒಂದು ನೋಟಿಸ್ ಬಂತು. ಜನವರಿಯ ಕಂತನ್ನು ಖಾತೆಯಿಂದ ತಾನಾಗಿ ಎಳೆದುಕೊಳ್ಳಲು ಹೋದಾಗ ಬೌನ್ಸ್ ಆದ ಹಾಗೆಯೇ ಏಪ್ರಿಲಿನದೂ ಆಗಿತ್ತು. ಚೆಕ್ ಬೌನ್ಸ್‌ಗೆ ಇರುವಂಥ ಕ್ರಿಮಿನಲ್ ಹೊಣೆ ಇದಕ್ಕೂ ಇದೆ, 2007ರ ಪಾವತಿ ವ್ಯವಸ್ಥೆ ಕಾಯ್ದೆಯ 25ನೇ ಕಲಂ. ನೋಟಿಸ್ ತಲುಪಿದ 15 ದಿನದೊಳಗೆ ಆ ಕಂತಿನ ಮೊತ್ತ ಕಟ್ಟಿದರೆ ಆ ವಿಷಯ ಅಲ್ಲಿಗೆ ಮುಗಿಯುತ್ತದೆ. ಈ ನೋಟಿಸಿನಿಂದ ಮನೆ ಹೋಗುವುದಿಲ್ಲ. ಆದರೆ ಕೇಸು ಬಿದ್ದರೆ ನ್ಯಾಯಾಲಯಕ್ಕೆ ಅಲೆಯುವುದು ತಪ್ಪುವುದಿಲ್ಲ. ದಂಪತಿ ಹೇಗೋ ಆ ಒಂದು ಕಂತು ಹೊಂದಿಸಲು ಹೊರಟರು. ಬ್ಯಾಂಕಿನವರ ಜೊತೆ ಮಾತಾಡಿದ ಮೇಲೆ, ಎಲ್ಲ ಬಾಕಿಯ ಜೊತೆ ನೋಡೋಣ ಎಂದು ಅದು ಮುಂದಕ್ಕೆ ಹೋಯಿತು. ಬಾಯಿಮಾತಿನ ಆ ಭರವಸೆಯನ್ನು ನೆಚ್ಚಿಕೊಂಡದ್ದು ಅಪಾಯವೇ ಆಗಿತ್ತು.

ಮನೆಗೆ ಸಂಬಂಧಿಸಿದ ನೋಟಿಸ್ ಬಂದದ್ದು ಮೇ 16ಕ್ಕೆ, ಅದರ ಮೇಲಿನ ತಾರೀಖು ಮೇ 12. ಇದನ್ನು ಗುರುತಿಸುವುದು ಸುಲಭ. ಬ್ಯಾಂಕಿನ 'ಅಧಿಕೃತ ಅಧಿಕಾರಿ'ಯ ಸಹಿ ಇರುತ್ತದೆ. ಸರ್ಫೇಸಿ ಕಾಯ್ದೆ 2002, ಕಲಂ 13(2) ಎಂದು ಬರೆದಿರುತ್ತದೆ. ಅಡವಿಟ್ಟ ಆಸ್ತಿಯನ್ನು ಸಿವಿಲ್ ದಾವೆ ಹೂಡದೆಯೇ ವಶಪಡಿಸಿಕೊಂಡು ಮಾರಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ ಇದು. ಬಾಕಿಯ ವಿವರ, ಅಡವಿಟ್ಟ ಮನೆಯ ಚಕ್ಕುಬಂದಿ, 60 ದಿನದ ಗಡುವು ಇರುತ್ತವೆ. ಇದರಲ್ಲಿ ಕೇಳಿದ್ದು ತಪ್ಪಿದ ಕಂತುಗಳನ್ನಲ್ಲ, ಇಡೀ ಸಾಲವನ್ನು, ಸುಮಾರು 27.75 ಲಕ್ಷವನ್ನು. ಅಷ್ಟು ಹಣ ಎಲ್ಲಿಂದ ತರುವುದು ಎಂದು ಇಬ್ಬರೂ ಕುಸಿದರು. ಗಂಡನ ಅಣ್ಣ, "ಮುಂದಿನ ಸಲ ಪೋಸ್ಟ್ ಬಂದ್ರೆ ತಗೋಬೇಡ, ವಾಪಸ್ ಕಳಿಸು" ಎಂದರು.

ಆ ಸಲಹೆ ಕೇಳಬಾರದು. ಸಾಲಗಾರ ತಪ್ಪಿಸಿಕೊಳ್ಳುತ್ತಿದ್ದಾನೆ ಎನಿಸಿದರೆ ನೋಟಿಸನ್ನು ಮನೆಯ ಬಾಗಿಲಿಗೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸಲು ನಿಯಮದಲ್ಲೇ ಅವಕಾಶವಿದೆ. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ. ಲಕೋಟೆ ತೆಗೆದುಕೊಳ್ಳದವರು ಕಳೆದುಕೊಳ್ಳುವುದು ಉತ್ತರಿಸುವ ಹಕ್ಕನ್ನು ಮಾತ್ರ.

ಇಡೀ ಸಾಲ ಕೇಳಿದ್ದಾರೆಂದರೆ ಇಡೀ ಸಾಲ ತೀರಿಸದೆ ದಾರಿಯಿಲ್ಲ ಎಂದು ಅರ್ಥವಲ್ಲ. ಬಾಕಿ ಕಂತುಗಳನ್ನೆಲ್ಲ ಖರ್ಚು ಸಹಿತ ಕಟ್ಟಿದರೆ ಖಾತೆ ಸರಿಯಾಗುತ್ತದೆ. ಆಗ ಮುಂದಿನ ಕ್ರಮ ಕೈಬಿಡಲು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುತ್ತವೆ, ಏಕೆಂದರೆ ಅವರಿಗೆ ಬೇಕಾದದ್ದು ಕಂತು, ಮನೆಯಲ್ಲ. ಮೇ 16ರಂದು ಐದು ಕಂತು ಬಾಕಿ, 1,34,960 ರೂಪಾಯಿ. ಜೊತೆಗೆ ಬೌನ್ಸ್ ಶುಲ್ಕ, ದಂಡ ಶುಲ್ಕ, ನೋಟಿಸ್ ಖರ್ಚು. ಅಂದರೆ 27 ಲಕ್ಷದ ಕಾಗದದ ಹಿಂದಿದ್ದ ನಿಜವಾದ ಗುರಿ ಒಂದೂವರೆ ಲಕ್ಷ. ಇದನ್ನು ಯಾರೂ ಅವರಿಗೆ ಹೇಳಲಿಲ್ಲ.

ಹೆಂಡತಿಯ ಶಾಲೆಯ ಸಹೋದ್ಯೋಗಿಯೊಬ್ಬರು ವಕೀಲರೊಬ್ಬರ ಹತ್ತಿರ ಕಳಿಸಿದರು. ಅವರು ಮೊದಲು ಮಾಡಿಸಿದ್ದು ಆಕ್ಷೇಪಣಾ ಪತ್ರ. ಕಲಂ 13(3ಎ) ಪ್ರಕಾರ ಸಾಲಗಾರ 60 ದಿನದೊಳಗೆ ಆಕ್ಷೇಪಣೆ ಅಥವಾ ಮನವಿ ಕೊಟ್ಟರೆ, ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ 15 ದಿನದಲ್ಲಿ ಕಾರಣ ಸಹಿತ ಉತ್ತರ ಕೊಡಬೇಕು. ಪತ್ರದಲ್ಲಿ ಮೂರು ಸಂಗತಿಗಳಿದ್ದವು. ಸಾಲದ ಖಾತೆಯ ಪೂರ್ಣ ವಿವರಪಟ್ಟಿ ಕೊಡಿ. ದಂಡ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿರುವಂತೆ ಕಾಣುತ್ತದೆ, ಅದನ್ನು ತೆಗೆಯಿರಿ. ಹಾಗೆ ಸೇರಿಸಬಾರದು ಎಂಬುದು ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ ಸುತ್ತೋಲೆ. ಕೆಲಸ ಹೋಗಿದೆ, ಹೊಸ ಕೆಲಸ ಜೂನ್‌ನಲ್ಲಿ ಶುರುವಾಗುತ್ತದೆ, ಬಾಕಿ ಕಟ್ಟಲು ಸಮಯ ಕೊಡಿ. ಪತ್ರವನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿ, ಶಾಖೆಯಲ್ಲೂ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡರು. ಶುಲ್ಕದ ಲೆಕ್ಕವನ್ನು ಬ್ಯಾಂಕು ತಿದ್ದಿತು. ಸಮಯ ಕೊಡಲು ಒಪ್ಪಲಿಲ್ಲ.

ಈ ನಡುವೆ ಎರಡು ಸಲಹೆಗಳು ಬಂದವು. ಒಂದು, ಸಿವಿಲ್ ಕೋರ್ಟಿನಲ್ಲಿ ಸ್ಟೇ ತರುವುದು. ಸರ್ಫೇಸಿ ಕಾಯ್ದೆಯ 34ನೇ ಕಲಂ ಇಂಥ ವಿಷಯಗಳಲ್ಲಿ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ ಎನ್ನುತ್ತದೆ. ಅಲ್ಲಿ ದಾವೆ ಹೂಡಿದರೆ ಫೀಸು ಮತ್ತು ದಿನಗಳು ವ್ಯರ್ಥ. ಇನ್ನೊಂದು ನಮ್ಮ ಕಡೆಯದೇ ಸಲಹೆ, ಮೇಲಿನ ಮಹಡಿಯನ್ನು ಐದು ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟು ಬಾಕಿ ತೀರಿಸುವುದು. ಕೇಳಲು ಚೆನ್ನಾಗಿಯೇ ಇದೆ. ಆದರೆ 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವುದಾಗಲಿ, ಭೋಗ್ಯಕ್ಕೋ ಬಾಡಿಗೆಗೋ ಕೊಡುವುದಾಗಲಿ ಕೂಡದು ಎಂದು ಕಲಂ 13(13) ಹೇಳುತ್ತದೆ. ಕೊಟ್ಟರೆ ನಾಳೆ ಬೀದಿಗೆ ಬೀಳುವುದು ಆ ಐದು ಲಕ್ಷ ಕೊಟ್ಟ ಬಡ ಕುಟುಂಬ. ಅವರು ವಂಚನೆಯ ದೂರು ಕೊಟ್ಟರೆ ಉತ್ತರವಿರುವುದಿಲ್ಲ. ವಕೀಲರು ಬೇಡವೆಂದು ಖಡಾಖಂಡಿತವಾಗಿ ಹೇಳಿದ್ದು ಸರಿ.

ಜುಲೈ ಮೊದಲ ವಾರ ಗಂಡ ಹೊಸ ಕೆಲಸದ ಮೊದಲ ಸಂಬಳ, ಸ್ನೇಹಿತನ ಕೈಗಡ ಸೇರಿಸಿ 50,000 ಕಟ್ಟಿದರು. ಇದರಿಂದ ಕ್ರಮ ನಿಲ್ಲುತ್ತದೆ ಎಂದು ನಂಬಿದ್ದರು. ನಿಲ್ಲಲಿಲ್ಲ, ಏಕೆಂದರೆ ಖಾತೆ ಎನ್‌ಪಿಎ ಆಗಿಯೇ ಉಳಿದಿತ್ತು. ಅಷ್ಟು ಹೊತ್ತಿಗೆ ಬಾಕಿ ಏಳು ಕಂತಾಗಿತ್ತು.

ಗೋಡೆಗೆ ಅಂಟಿದ ಕಾಗದ

60 ದಿನ ಮುಗಿದದ್ದು ಜುಲೈ 11ಕ್ಕೆ. ಆಗಸ್ಟ್ 6ರಂದು ಬ್ಯಾಂಕಿನವರು ಬಂದು ಮನೆಯ ಗೋಡೆಗೆ ಸ್ವಾಧೀನ ನೋಟಿಸ್ ಅಂಟಿಸಿ, ಫೋಟೋ ತೆಗೆದುಕೊಂಡು ಹೋದರು. ಒಂದು ವಾರದೊಳಗೆ ಅದೇ ನೋಟಿಸ್ ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು. ಅಕ್ಕಪಕ್ಕದವರೆಲ್ಲ ಓದಿದರು. ಹೆಂಡತಿ ಎರಡು ದಿನ ಶಾಲೆಗೆ ಹೋಗಲಿಲ್ಲ.

ಇದು ಸಾಂಕೇತಿಕ ಸ್ವಾಧೀನ, ಕಲಂ 13(4). ಮನೆಯವರು ಮನೆಯಲ್ಲೇ ಇರುತ್ತಾರೆ, ಬೀಗ ಬೀಳುವುದಿಲ್ಲ. ಮನೆಯವರು ತಾವಾಗಿ ಬಿಡದಿದ್ದಾಗ ನಿಜವಾಗಿ ಮನೆ ಬಿಡಿಸಬೇಕಾದರೆ ಬ್ಯಾಂಕು ಕಲಂ 14ರಡಿ ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಾಂಗ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಕಾಗದ ಅಂಟಿಸಲು ಬಂದವರು "ಇವತ್ತೇ ಖಾಲಿ ಮಾಡಿ" ಎಂದರೆ ಆದೇಶ ತೋರಿಸಿ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಈ ದಿನದಿಂದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಬೆಂಗಳೂರಿನ ಡಿಆರ್‌ಟಿಗೆ, ಕಲಂ 17ರಡಿ ಅರ್ಜಿ ಹಾಕಬಹುದು. ವಕೀಲರು ಕಡತವನ್ನೆಲ್ಲ ನೋಡಿದರು. ನ್ಯಾಯಮಂಡಳಿ ನೋಡುವುದು ಬ್ಯಾಂಕು ಕಾನೂನಿನಂತೆ ನಡೆದಿದೆಯೇ ಎಂಬುದನ್ನು. 90 ದಿನ ತುಂಬುವ ಮೊದಲೇ ಎನ್‌ಪಿಎ ಮಾಡಿದ್ದಾರೆಯೇ, 60 ದಿನ ಕೊಟ್ಟಿದ್ದಾರೆಯೇ, ಆಕ್ಷೇಪಣೆಗೆ ಉತ್ತರ ಬಂದಿದೆಯೇ, ಸಹ ಸಾಲಗಾರಳಿಗೂ ನೋಟಿಸ್ ಹೋಗಿದೆಯೇ, ಪತ್ರಿಕೆಯಲ್ಲಿ ಪ್ರಕಟವಾಗಿದೆಯೇ. ಕೆಲಸ ಹೋಯಿತು ಎಂಬುದು ಅಲ್ಲಿ ಕರುಣೆ ತರಬಹುದು, ಕ್ರಮವನ್ನು ರದ್ದು ಮಾಡುವುದಿಲ್ಲ. ತಡೆಯಾಜ್ಞೆ ಕೊಡುವಾಗಲೂ ಒಂದಿಷ್ಟು ಹಣ ಠೇವಣಿ ಇಡಿ ಎನ್ನುವುದು ವಾಡಿಕೆ. ಇವರ ಕಡತದಲ್ಲಿ ಹೇಳಿಕೊಳ್ಳುವಂಥ ಲೋಪ ಇರಲಿಲ್ಲ. "ಠೇವಣಿ ಇಡೋ ದುಡ್ಡು ಇದ್ರೆ ಅದನ್ನೇ ಬಾಕಿಗೆ ಕಟ್ಟಿ. 45 ದಿನದ ಗಡುವು ಮಾತ್ರ ನೆನಪಿಟ್ಟುಕೊಳ್ಳಿ, ಬ್ಯಾಂಕು ಕೈಕೊಟ್ಟರೆ ಬೇಕಾಗುತ್ತೆ" ಎಂದರು ವಕೀಲರು. ನನಗೆ ಈ ಸಲಹೆಯೇ ಇಡೀ ಪ್ರಕರಣದ ತಿರುವು ಎನಿಸುತ್ತದೆ.

ಆಗಿನ ಲೆಕ್ಕ ಹೀಗಿತ್ತು. ಎಂಟು ಕಂತು, 2,15,936 ರೂಪಾಯಿ. ಅದರಲ್ಲಿ ಕಟ್ಟಿದ 50,000 ಕಳೆದರೆ 1,65,936. ಶುಲ್ಕ, ನೋಟಿಸ್, ಪತ್ರಿಕಾ ಪ್ರಕಟಣೆಯ ಖರ್ಚು ಸೇರಿ ಸುಮಾರು 1.9 ಲಕ್ಷ. ಏಪ್ರಿಲ್ ಮೊದಲ ವಾರದಲ್ಲಿ ಒಂದು ಕಂತಿನಿಂದ ತಡೆಯಬಹುದಾಗಿದ್ದದ್ದು ನಾಲ್ಕು ತಿಂಗಳಲ್ಲಿ ಇಲ್ಲಿಗೆ ಬಂದಿತ್ತು. ಪಿಎಫ್‌ನಿಂದ 70,000, ಹೆಂಡತಿಯ ಬಳೆ ಮತ್ತು ಸರ ಗಿರವಿ ಇಟ್ಟು 80,000, ಹೆಂಡತಿಯ ತಮ್ಮನಿಂದ 40,000. "ಭಾವ, ನಿಧಾನಕ್ಕೆ ಕೊಡಿ, ಮೊದಲು ಮನೆ ಉಳಿಸ್ಕೊಳ್ಳಿ" ಎಂದು ಅವನು ಹೇಳಿ ಕೊಟ್ಟ. ಗಿರವಿಯನ್ನು ಖಾಸಗಿ ಸಾಹುಕಾರರ ಹತ್ತಿರ ಇಡದೆ ಬ್ಯಾಂಕಿನಲ್ಲೇ ಇಟ್ಟದ್ದು ಒಳ್ಳೆಯದಾಯಿತು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ. 36. ಶೇ. 9ರ ಸಾಲ ಉಳಿಸಲು ಅಂಥ ಸಾಲ ಮಾಡಿದವರು ಮುಂದೆ ಎರಡನ್ನೂ ಕಟ್ಟಲಾರದೆ ಹೋಗುತ್ತಾರೆ.

ಹಣ ಕೈಗೆ ಬಂದ ಕೂಡಲೇ ಕಟ್ಟಲಿಲ್ಲ. ಮೊದಲು ಬ್ಯಾಂಕಿಗೆ ಪತ್ರ ಬರೆದರು: ಆಗಸ್ಟ್ 31ಕ್ಕೆ ಖಾತೆ ಪೂರ್ತಿ ಸರಿಯಾಗಲು ಎಷ್ಟು ಬೇಕು, ಬಾಬ್ತು ಬಾಬ್ತಾಗಿ ಬರೆದುಕೊಡಿ, ಅಷ್ಟು ಕಟ್ಟಿದರೆ ಸರ್ಫೇಸಿ ಕ್ರಮವನ್ನೂ ಬೌನ್ಸ್ ನೋಟಿಸನ್ನೂ ಹಿಂತೆಗೆದುಕೊಳ್ಳುತ್ತೀರಾ, ತಿಳಿಸಿ. ಉತ್ತರ ಬಂದ ಮೇಲೆಯೇ ಕಟ್ಟಿದರು. ಈ ಕ್ರಮ ಮುಖ್ಯ. ನೂರು ರೂಪಾಯಿ ಕಡಿಮೆ ಬಿದ್ದರೂ ಖಾತೆ ಎನ್‌ಪಿಎಯಲ್ಲೇ ಉಳಿಯಬಹುದು, ಶಾಖೆಯಲ್ಲಿ ಬಾಯಿಮಾತಲ್ಲಿ ಹೇಳಿದ ಮೊತ್ತಕ್ಕೂ ವಸೂಲಾತಿ ವಿಭಾಗದ ಮೊತ್ತಕ್ಕೂ ವ್ಯತ್ಯಾಸ ಬರುವುದುಂಟು. ಸೆಪ್ಟೆಂಬರಿನಲ್ಲಿ ಕ್ರಮ ಹಿಂತೆಗೆದುಕೊಂಡ ಪತ್ರ ಕೈಸೇರಿತು, ಆ ತಿಂಗಳ ಕಂತು ಖಾತೆಯಿಂದ ಸರಿಯಾಗಿ ಕಡಿತವಾಯಿತು. ಹೊಸ ಸಂಬಳ ಹಳೆಯದಕ್ಕಿಂತ ಕಡಿಮೆ. ಗಂಡನ 31,000, ಹೆಂಡತಿಯ 14,000ದಲ್ಲಿ ಕಂತು, ಗಿರವಿ ಬಡ್ಡಿ, ಮನೆ ಖರ್ಚು ನಡೆಯಬೇಕು. ಹಾಗಾಗಿ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡಲು ಬ್ಯಾಂಕಿನ ಒಪ್ಪಿಗೆ ಕೇಳಿದರು. ಭೋಗ್ಯಕ್ಕಲ್ಲ, ತಿಂಗಳ ಬಾಡಿಗೆಗೆ.

ಹಣ ಹೊಂದದೆ ಹೋಗಿದ್ದರೆ

ಆ 1.9 ಲಕ್ಷ ಸಿಗದಿದ್ದರೆ ಮುಂದಿನ ಹಂತ ಹರಾಜು. ಬ್ಯಾಂಕು ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಕನಿಷ್ಠ ಬೆಲೆ ನಿಗದಿ ಮಾಡಿ, ಸಾಲಗಾರನಿಗೆ 30 ದಿನದ ಮಾರಾಟ ನೋಟಿಸ್ ಕೊಡಬೇಕು. ಇಲ್ಲೊಂದು ತಾರೀಖನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಹರಾಜು ನಡೆಯುವ ದಿನದವರೆಗೂ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳಬಹುದು ಎಂಬ ನಂಬಿಕೆ ಹಿಂದೆ ಸರಿಯಿತ್ತು. 2016ರ ತಿದ್ದುಪಡಿಯ ನಂತರ ಆ ಹಕ್ಕು ಇರುವುದು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ, ಇಡೀ ಬಾಕಿ ಕಟ್ಟುವುದಾದರೂ ಅಷ್ಟೇ. ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಪತ್ರಿಕೆಯಲ್ಲಿ ಹರಾಜಿನ ಜಾಹೀರಾತು ನೋಡಿ ಹಣ ಹೊಂದಿಸಲು ಓಡುವವರು ಆ ಹೊತ್ತಿಗಾಗಲೇ ತಡವಾಗಿರುತ್ತಾರೆ.

ಹಾಗಾಗಿ ಕಂತು ಮುಂದೆಯೂ ಕಟ್ಟಲಾಗದು ಎಂದು ಖಚಿತವಾದವರು ಮನೆಯನ್ನು ತಾವೇ ಮಾರುವುದು ಲೇಸು. ಇದನ್ನು ಸೋಲೆಂದು ನೋಡಬೇಕಿಲ್ಲ. ಈ ಮನೆಗೆ ಮಾರುಕಟ್ಟೆ ಬೆಲೆ 48 ಲಕ್ಷ, ಬ್ಯಾಂಕಿಗೆ ಸುಮಾರು 28 ಲಕ್ಷ. ತಾವೇ ಮಾರಿದರೆ ಉಳಿಯುವುದು 20 ಲಕ್ಷದ ಹತ್ತಿರ. ಹರಾಜಿನಲ್ಲೂ ಸಾಲ ತೀರಿ ಉಳಿದದ್ದು ಮಾಲೀಕರಿಗೇ ಸೇರಬೇಕು, ಆದರೆ ಒಳಗೆ ಜನ ವಾಸವಿರುವ, ವ್ಯಾಜ್ಯದ ಭಯವಿರುವ ಮನೆಗೆ ಕೊಳ್ಳುವವರು ಪೂರ್ತಿ ಬೆಲೆ ಕೊಡುವುದಿಲ್ಲ. ಹರಾಜಿನ ಹಣ ಸಾಲಕ್ಕೆ ಸಾಲದೆ ಬಂದರೆ ಕೊರತೆಯನ್ನೂ ಸಾಲಗಾರನಿಂದಲೇ ವಸೂಲಿ ಮಾಡಬಹುದು.

ತಾವೇ ಮಾರುವುದಕ್ಕೂ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು. ಕೊಳ್ಳುವವರು ಸಾಲ ಮಾಡುತ್ತಿದ್ದರೆ ಅವರ ಬ್ಯಾಂಕು ಹಣವನ್ನು ನೇರವಾಗಿ ಹಳೆಯ ಬ್ಯಾಂಕಿನ ಸಾಲದ ಖಾತೆಗೆ ಕಟ್ಟುತ್ತದೆ. ಉಳಿದದ್ದು ನೋಂದಣಿಯ ದಿನ ಮಾರುವವರ ಕೈಗೆ. ಸಾಲ ತೀರಿದ 30 ದಿನದಲ್ಲಿ ಬ್ಯಾಂಕು ಮೂಲ ಪತ್ರಗಳನ್ನು ಹಿಂದಿರುಗಿಸಿ ಅಡಮಾನದ ನೋಂದಣಿಯನ್ನೂ ತೆಗೆಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಕೊಳ್ಳುವವರಿಗೆ 13(2) ನೋಟಿಸಿನ ಪ್ರತಿ ತೋರಿಸಬೇಕು. ಮುಚ್ಚಿಟ್ಟು ಮುಂಗಡ ತೆಗೆದುಕೊಂಡರೆ ಅವರು ಆಸ್ತಿಯ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿದ ದಿನವೇ ಅಡಮಾನ ಗೊತ್ತಾಗುತ್ತದೆ. ಆಗ ಮುರಿದು ಬೀಳುವ ಮಾರಾಟದಲ್ಲಿ ಹೋಗುವ ವಾರಗಳು ಹರಾಜಿನ ಪ್ರಕಟಣೆಗೆ ಮುಂಚಿನ ವಾರಗಳೇ ಆಗಿರುತ್ತವೆ.